ಗಾಳಿ ಎಳೆದ ಗೆರೆಗಳು

ಬೆಳಗಾವಿಯ ಅನಗೋಳಕ್ಕೆ ಹೊಂದಿಕೊಂಡೇ ಉದ್ಯಮಬಾಗ ಇದೆ. ಎರಕದ ಊರು ಎಂಬ ಹೆಸರು ಬೆಳಗಾವಿಗೆ ಬಂದದ್ದರಲ್ಲಿ ಇಲ್ಲಿನ ಫೌಂಡ್ರಿಗಳ ಪಾಲು ದೊಡ್ಡದು. ಮರಳಿನ ಅಚ್ಚಿಗೆ ಕಾದ ಲೋಹ ಸುರಿಯುವವರು, ಆರಿದ ಎರಕದ ಮೈಯಿಂದ ಮರಳು ಕೆರೆದು ತೆಗೆಯುವವರು, ಪಾಳಿ ಮುಗಿದ ಮೇಲೆ ಅನಗೋಳದ ಓಣಿಗಳಿಗೆ ಮರಳುತ್ತಾರೆ. ಎರಕದ ಕೆಲಸ ಬಲ್ಲವರಿಗೆ ದೊಡ್ಡ ಶತ್ರು ಗಾಳಿ. ಲೋಹ ಗಟ್ಟಿಯಾಗುವಾಗ ಒಳಗೆ ಗಾಳಿಯ ಗುಳ್ಳೆ ಸಿಕ್ಕಿಕೊಂಡರೆ ಅದನ್ನು ಬ್ಲೋ ಹೋಲ್ ಅನ್ನುತ್ತಾರೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಭಾರ ಬಿದ್ದ ದಿನ ಅಲ್ಲಿಂದಲೇ ಬಿರುಕು ಬಿಡುತ್ತದೆ.

ಲೋಹದೊಳಗಿನ ಆ ಗಾಳಿಯನ್ನು ಒಡೆಯದೆ ಕಂಡುಹಿಡಿಯುವ ಉಪಾಯಗಳಲ್ಲಿ ಒಂದು, ಕಿವಿಗೆ ಕೇಳಿಸದ ಶಬ್ದವನ್ನು ಒಳಗೆ ಕಳಿಸಿ ಅದರ ಪ್ರತಿಧ್ವನಿ ಎಷ್ಟು ಹೊತ್ತಿಗೆ ಮರಳುತ್ತದೆ ಎಂದು ಅಳೆಯುವುದು. 25 ಮಿಲಿಮೀಟರ್ ದಪ್ಪದ ಒಳ್ಳೆಯ ಉಕ್ಕಿನ ತಟ್ಟೆಯ ಮೇಲೆ ಪ್ರೋಬ್ ಇಟ್ಟರೆ ಶಬ್ದ ತಟ್ಟೆಯ ಹಿಂಬದಿಗೆ ಬಡಿದು ವಾಪಸು ಬರುತ್ತದೆ, ಪರದೆಯ ಮೇಲೆ 25ರ ಜಾಗದಲ್ಲಿ ಒಂದು ಗುರುತು ಮೂಡುತ್ತದೆ. ಬಂದ ಶಬ್ದದಲ್ಲಿ ಸ್ವಲ್ಪ ಭಾಗ ಮೇಲ್ಮೈಗೆ ತಾಗಿ ಮತ್ತೆ ಒಳಗೆ ಹೋಗಿ ಮತ್ತೆ ಬರುತ್ತದೆ, ಆಗ 50ರಲ್ಲಿ ಇನ್ನೊಂದು ಗುರುತು, ಆಮೇಲೆ 75ರಲ್ಲಿ ಮತ್ತೊಂದು. 50ರಲ್ಲಾಗಲಿ 75ರಲ್ಲಾಗಲಿ ನಿಜವಾಗಿ ಏನೂ ಇಲ್ಲ, ತಟ್ಟೆ ಇರುವುದೇ 25. ಆದರೂ ಅಳತೆ ಮಾಡುವವನು ಆ ಹುಸಿ ಗುರುತುಗಳನ್ನು ಬಿಡುವುದಿಲ್ಲ. ಸಮ ಅಂತರದಲ್ಲಿ ಅವು ನಿಂತಿದ್ದರೆ ಹಿಂಬದಿಯ ಗೋಡೆ ನಯವಾಗಿದೆ, ನಡುವೆ ಅಡ್ಡಿ ಇಲ್ಲ ಎಂದು ತಿಳಿದುಕೊಳ್ಳುತ್ತಾನೆ. ಅವು ಮಾಯವಾದರೆ ಅವನಿಗೆ ಅನುಮಾನ ಬರುತ್ತದೆ.

ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಶ್ವಾಸಕೋಶದ ಸೋನೋಗ್ರಾಫಿ ಓದುವ ವಿದ್ಯೆ ಬಹುಪಾಲು ಇದೇ ವಿದ್ಯೆ. ಅದರ ಚರಿತ್ರೆ ಶುರುವಾಗುವುದೂ ಲೋಹದಿಂದಲೇ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಫ್ಲಾಯ್ಡ್ ಫೈರ್‌ಸ್ಟೋನ್ ಎಂಬ ಭೌತಶಾಸ್ತ್ರಜ್ಞನಿಗೆ ಲೋಹದ ಬಿರುಕು ಹುಡುಕುವ ಇಂಥ ಯಂತ್ರದ ಪೇಟೆಂಟ್ ಸಿಕ್ಕಿದ್ದು 1942ರಲ್ಲಿ. ಹದಿಮೂರು ವರ್ಷ ಕಳೆದು, 1955ರ ಬೇಸಿಗೆಯಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದ ಹೆರಿಗೆ ತಜ್ಞ ಇಯಾನ್ ಡೊನಾಲ್ಡ್ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿ ಹಾಕಿಕೊಂಡು ರೆನ್‌ಫ್ರೂ ಊರಿನ ಬಾಯ್ಲರ್ ಕಾರ್ಖಾನೆಗೆ ಹೋದ. ಬಾಯ್ಲರಿನ ಬೆಸುಗೆ ಪರೀಕ್ಷಿಸುವ ಯಂತ್ರವನ್ನು ಗಡ್ಡೆಗೆ ಹಿಡಿದು ನೋಡುವುದು ಅವನ ಆಸೆ. ನೀರು ತುಂಬಿದ ಗಡ್ಡೆಗೂ ಮಾಂಸದ ಗಡ್ಡೆಗೂ ಪರದೆಯ ಮೇಲೆ ಚೆನ್ನಾಗಿ ವ್ಯತ್ಯಾಸ ಕಂಡಿತು. 1958ರಲ್ಲಿ ಸಹೋದ್ಯೋಗಿ ಜಾನ್ ಮ್ಯಾಕ್‌ವಿಕಾರ್ ಮತ್ತು ಎಂಜಿನಿಯರ್ ಟಾಮ್ ಬ್ರೌನ್ ಜತೆ ಅವನು ‘ಲ್ಯಾನ್ಸೆಟ್’ನಲ್ಲಿ ಬರೆದ ಪ್ರಬಂಧದಿಂದ ಹೊಟ್ಟೆಯ ಸ್ಕ್ಯಾನಿಂಗ್ ಯುಗ ಆರಂಭವಾಯಿತು. ಬಸುರಿ, ಪಿತ್ತಕೋಶ, ಮೂತ್ರಪಿಂಡ, ಆಮೇಲೆ ಹೃದಯ, ಒಂದೊಂದಾಗಿ ಪರದೆಗೆ ಬಂದವು. ಶ್ವಾಸಕೋಶ ಮಾತ್ರ ಬರಲಿಲ್ಲ.

ಯಾಕೆ ಬರಲಿಲ್ಲ ಎನ್ನುವುದು ಸುಲಭ. ಮೆತ್ತನೆಯ ಮಾಂಸದಿಂದ ಗಾಳಿಗೆ ದಾಟುವ ಗಡಿಯಲ್ಲಿ ಶಬ್ದದ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಭಾಗ ಹಿಂದಕ್ಕೆ ಚಿಮ್ಮುತ್ತದೆ. ಪ್ರೋಬಿಗೂ ಚರ್ಮಕ್ಕೂ ನಡುವೆ ಜೆಲ್ ಸವರುವುದು ಅಲ್ಲಿನ ತೆಳು ಗಾಳಿಯನ್ನು ತೆಗೆಯಲಿಕ್ಕೇ. ಅಂಥದ್ದರಲ್ಲಿ ಪೂರ್ತಿ ಗಾಳಿಯನ್ನೇ ತುಂಬಿಕೊಂಡ ಅಂಗದೊಳಗೆ ಏನು ಕಂಡೀತು? ಪಠ್ಯಪುಸ್ತಕಗಳು ಶ್ವಾಸಕೋಶಕ್ಕೆ ಈ ಪರೀಕ್ಷೆ ಉಪಯೋಗವಿಲ್ಲ ಎಂದವು, ತಲೆಮಾರುಗಳು ಅದನ್ನೇ ಓದಿದವು. ಹೆಚ್ಚೆಂದರೆ ಎದೆಯಲ್ಲಿ ನೀರು ನಿಂತಿದೆಯೇ ಎಂದು ನೋಡಿ ಸೂಜಿಗೆ ಜಾಗ ಗುರುತು ಮಾಡುತ್ತಿದ್ದರು. ಅದರ ಮೇಲೆ, ಗಾಳಿಯ ಭಾಗದಲ್ಲಿ ಕಾಣುವ ಅಡ್ಡಗೆರೆ ಉದ್ದಗೆರೆಗಳೆಲ್ಲ ಯಂತ್ರದ ತಪ್ಪು, ಆರ್ಟಿಫ್ಯಾಕ್ಟ್, ಕಸ.

ಅದು ತಪ್ಪು ಎನ್ನುವುದು ನಿಜವೇ. ಆದರೆ ಎಂಥ ತಪ್ಪು ಎನ್ನುವುದರಲ್ಲಿ ಎಲ್ಲ ಇದೆ. ಯಂತ್ರ ಎರಡು ನಂಬಿಕೆ ಇಟ್ಟುಕೊಂಡು ಕೆಲಸ ಮಾಡುತ್ತದೆ. ದೇಹದಲ್ಲಿ ಶಬ್ದ ಸೆಕೆಂಡಿಗೆ 1540 ಮೀಟರ್ ವೇಗದಲ್ಲಿ ಹೋಗುತ್ತದೆ ಎನ್ನುವುದು ಒಂದು. ಹೋದ ಶಬ್ದ ಒಂದೇ ಸಲ ಬಡಿದು ನೆಟ್ಟಗೆ ವಾಪಸು ಬರುತ್ತದೆ ಎನ್ನುವುದು ಇನ್ನೊಂದು. ಎದೆಯ ಚರ್ಮದಿಂದ ಶ್ವಾಸಕೋಶದ ಹೊದಿಕೆಗೆ, ಅಂದರೆ ಪ್ಲೂರಾಕ್ಕೆ, 2 ಸೆಂಟಿಮೀಟರ್ ಇದೆ ಎನ್ನಿ. ಶಬ್ದ ಹೋಗಿ ಬರಲು ಸುಮಾರು 26 ಮೈಕ್ರೋಸೆಕೆಂಡ್ ಬೇಕು. ಯಂತ್ರ 2 ಸೆಂಟಿಮೀಟರ್ ಆಳದಲ್ಲಿ ಒಂದು ಬಿಳಿ ಗೆರೆ ಹಾಕುತ್ತದೆ, ಅದು ಸರಿ. ಆ ಶಬ್ದ ಪ್ರೋಬಿನ ಮುಖಕ್ಕೆ ತಾಗಿ ಮತ್ತೆ ಪ್ಲೂರಾಕ್ಕೆ ಹೋಗಿ ಬಂದರೆ 52 ಮೈಕ್ರೋಸೆಕೆಂಡ್ ಆಗುತ್ತದೆ. ಎರಡು ಸಲ ಬಡಿದು ಬಂದದ್ದೆಂದು ಯಂತ್ರಕ್ಕೆ ತಿಳಿಯದು, ದೂರದಿಂದ ಬಂತು ಎಂದುಕೊಂಡು 4 ಸೆಂಟಿಮೀಟರಿನಲ್ಲಿ ಇನ್ನೊಂದು ಅಡ್ಡಗೆರೆ ಎಳೆಯುತ್ತದೆ. ಮತ್ತೆ 6ರಲ್ಲಿ, 8ರಲ್ಲಿ, ಕೆಳಗಿಳಿದಂತೆ ಮಸುಕಾಗುತ್ತ. ಇವಕ್ಕೆ ಈಗ ಎ ಗೆರೆಗಳು ಎಂದು ಹೆಸರು. ಉಕ್ಕಿನ ತಟ್ಟೆಯ 25, 50, 75 ಇದೇ ಅಲ್ಲವೇ? ಪ್ಲೂರಾದ ಕೆಳಗೆ ಇರುವುದು ಗಾಳಿಯೇ, ಗಾಳಿಯಲ್ಲದೆ ಬೇರೆ ಇಲ್ಲ, ಎಂದು ಆ ಗೆರೆಗಳು ಹೇಳುತ್ತವೆ.

ಉದ್ದಗೆರೆಯ ಕತೆ ಬೇರೆ. 1982ರಲ್ಲಿ ಅಮೆರಿಕದ ಮಾರ್ವಿನ್ ಜಿಸ್ಕಿನ್ ಮತ್ತು ಸಂಗಡಿಗರು ಯಕೃತ್ತಿನಲ್ಲಿ ಉಳಿದುಹೋದ ಬಂದೂಕಿನ ಚರೆಯೊಂದರ ಹಿಂದೆ ಬೆಳ್ಳಗಿನ ಬಾಲ ಚಾಚಿಕೊಂಡಿದ್ದನ್ನು ಕಂಡು, ಧೂಮಕೇತುವಿನ ಬಾಲ ಎಂದು ಅದಕ್ಕೆ ಹೆಸರಿಟ್ಟರು. ಚಿಕ್ಕ ಚರೆಯ ಎರಡು ಬದಿಗಳ ನಡುವೆ ಸಿಕ್ಕಿಕೊಂಡ ಶಬ್ದ ಅತ್ತಿತ್ತ ಬಡಿದಾಡುತ್ತ ಪ್ರತಿ ಸಲವೂ ಚೂರುಚೂರು ಹೊರಗೆ ಬಿಡುತ್ತದೆ. ಯಂತ್ರ ಅದನ್ನು ಒಂದರ ಕೆಳಗೊಂದು ಒತ್ತೊತ್ತಾಗಿ ಬರೆಯುವುದರಿಂದ ಬಾಲ ಮೂಡುತ್ತದೆ. ಅಂಥದೇ ಬಾಲ ಕೆಲವು ರೋಗಿಗಳ ಪ್ಲೂರಾದಿಂದ ಇಳಿಯುತ್ತದೆ. ಅಲ್ಲಿ ಚರೆ ಎಲ್ಲಿಂದ ಬರಬೇಕು?

ಮೂರನೆಯ ಗುರುತನ್ನು ಮೊದಲು ತೋರಿಸಿದ್ದು ಕುದುರೆ. 1986ರಲ್ಲಿ ಅಮೆರಿಕದ ಪಶುವೈದ್ಯ ರಾಂಟನೆನ್, ಉಸಿರಾಡುವ ಕುದುರೆಯ ಎದೆಯಲ್ಲಿ ಪ್ಲೂರಾದ ಗೆರೆ ಹಿಂದೆ ಮುಂದೆ ಜಾರುವುದು ಕಾಣುತ್ತದೆ, ಎದೆಗೂಡಿನಲ್ಲಿ ಗಾಳಿ ಸೋರಿಕೊಂಡಾಗ ಆ ಜಾರಾಟ ನಿಲ್ಲುತ್ತದೆ ಎಂದು ಬರೆದ. ಶ್ವಾಸಕೋಶಕ್ಕೆ ಅಂಟಿದ ಹೊದಿಕೆಯೊಂದು, ಎದೆಗೋಡೆಗೆ ಅಂಟಿದ ಹೊದಿಕೆಯೊಂದು. ಉಸಿರೆಳೆದಾಗ ಒಂದರ ಮೇಲೊಂದು ಉಜ್ಜುತ್ತ ಸರಿಯುತ್ತವೆ. ನಡುವೆ ಗಾಳಿ ನುಗ್ಗಿದರೆ ಒಳಗಿನ ಹೊದಿಕೆ ದೂರವಾಗುತ್ತದೆ, ಹೊರಗಿನದು ಒಂಟಿಯಾಗಿ ಅಲ್ಲಾಡದೆ ನಿಲ್ಲುತ್ತದೆ. ಪಶುವೈದ್ಯರ ಪುಸ್ತಕವನ್ನು ಮನುಷ್ಯರ ವೈದ್ಯರು ಎಷ್ಟು ಜನ ಓದಿಯಾರು? ಆದರೂ ಮರುವರ್ಷವೇ ಮನುಷ್ಯರಲ್ಲಿ ಇದರ ವರದಿ ಬಂತು.

ಚೆಲ್ಲಾಪಿಲ್ಲಿಯಾಗಿದ್ದ ಈ ಗುರುತುಗಳನ್ನು ಒಟ್ಟುಗೂಡಿಸಿ ಭಾಷೆಯೊಂದನ್ನು ಕಟ್ಟಿದವನು ಫ್ರಾನ್ಸಿನ ಡೇನಿಯಲ್ ಲಿಕ್ಟೆನ್‌ಸ್ಟೀನ್. ಪ್ಯಾರಿಸ್ಸಿನ ಮಗ್ಗುಲಿನ ಬುಲೋನ್ಯದಲ್ಲಿ ಆಂಬ್ರ್ವಾಸ್ ಪಾರೆ ಆಸ್ಪತ್ರೆಯ ಐಸಿಯು. ರೇಡಿಯಾಲಜಿಸ್ಟ್ ಬರುವವರೆಗೆ ಕಾಯಲಾಗದ ರೋಗಿಗಳು, ಸಿ.ಟಿ. ಕೋಣೆಗೆ ಸಾಗಿಸಿದರೆ ದಾರಿಯಲ್ಲೇ ಏನಾದರೂ ಆದೀತು ಎನ್ನುವ ಸ್ಥಿತಿ. ಅವನು ಹಾಸಿಗೆಯ ಪಕ್ಕಕ್ಕೆ ಯಂತ್ರ ತಂದು ತಾನೇ ಎದೆಗೆ ಪ್ರೋಬ್ ಇಟ್ಟ. ಕಸ ಎಂದದ್ದನ್ನೇ ಕಣ್ಣಿಟ್ಟು ನೋಡಿ, ಅದೇ ರೋಗಿಯ ಎಕ್ಸ್‌ರೇ, ಸಿ.ಟಿ. ಜತೆ ಇಟ್ಟು ತಾಳೆ ಹಾಕಿದ. ಜಾರಾಟ ಕಂಡರೆ ಆ ಜಾಗದಲ್ಲಿ ನ್ಯೂಮೊಥೊರಾಕ್ಸ್, ಅಂದರೆ ಎದೆಗೂಡಿಗೆ ಸೋರಿದ ಗಾಳಿ, ಇಲ್ಲ ಎಂಬ ಪ್ರಬಂಧ 1995ರಲ್ಲಿ ಬಂತು. 1997ರದು ನನ್ನ ಮಟ್ಟಿಗೆ ಇಡೀ ಚರಿತ್ರೆಯ ತಿರುವು. ಐಸಿಯುವಿನ 250 ರೋಗಿಗಳನ್ನು ಸಾಲಾಗಿ ನೋಡಿದ. ಅವರಲ್ಲಿ 121 ಜನರ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಜಾಲವೆಲ್ಲ ದಪ್ಪಗಾದ ಚಿತ್ರವಿತ್ತು. ಧೂಮಕೇತುವಿನ ಬಾಲಗಳು ಹೆಚ್ಚುಕಡಿಮೆ ಅವರಲ್ಲೇ ಇದ್ದವು, ಉಳಿದ 129 ಜನರಲ್ಲಿ ತೀರ ಕಡಿಮೆ. ಬಾಲಗಳ ನಡುವೆ ಸುಮಾರು 7 ಮಿಲಿಮೀಟರ್ ಅಂತರವಿದ್ದರೆ ಶ್ವಾಸಕೋಶದ ಕಿರುಖಂಡಗಳ ನಡುವಿನ ಪರದೆಗಳು ಉಬ್ಬಿವೆ, 3 ಮಿಲಿಮೀಟರಿಗೆ ಇಳಿದರೆ ಗಾಳಿಚೀಲಗಳವರೆಗೂ ತೇವ ತಲುಪಿದೆ ಎಂದು ಸಿ.ಟಿ. ಜತೆ ಹೋಲಿಸಿ ತೋರಿಸಿದ.

ಚರೆಯ ಜಾಗದಲ್ಲಿ ಇದ್ದದ್ದು ನೀರು. ಗಾಳಿಯ ನಡುವೆ ಸಿಕ್ಕಿದ ನೀರಿನ ಸಣ್ಣ ಸಣ್ಣ ಗೂಡುಗಳಲ್ಲಿ ಶಬ್ದ ಸೆರೆಯಾಗಿ ಬಡಿದಾಡುತ್ತದೆ ಎಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಇವೇ ಬಿ ಗೆರೆಗಳು. ಪ್ಲೂರಾದಿಂದಲೇ ಹುಟ್ಟಬೇಕು, ಮಸುಕಾಗದೆ ಪರದೆಯ ತಳದವರೆಗೆ ಇಳಿಯಬೇಕು, ದಾರಿಯಲ್ಲಿ ಎ ಗೆರೆಗಳನ್ನು ಅಳಿಸಬೇಕು, ಉಸಿರಿನ ಜತೆ ಆಚೀಚೆ ಸರಿಯಬೇಕು. 2012ರಲ್ಲಿ ಹಲವು ದೇಶಗಳ ತಜ್ಞರು ಸೇರಿ, ಎರಡು ಪಕ್ಕೆಲುಬುಗಳ ನಡುವೆ ಮೂರು ಅಥವಾ ಹೆಚ್ಚು ಬಿ ಗೆರೆ ಇದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದರು. ಒಂದೆರಡು ಗೆರೆ ಗಟ್ಟಿಮುಟ್ಟಾದವರ ಎದೆಯ ಕೆಳಭಾಗದಲ್ಲೂ ಕಾಣುತ್ತವೆ.

ಈಗ ಅನಗೋಳಕ್ಕೆ ಬರೋಣ. ಒಬ್ಬ ರೋಗಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅರವತ್ತೆರಡು ವಯಸ್ಸು, ಮೂವತ್ತು ವರ್ಷ ಫೌಂಡ್ರಿಯಲ್ಲಿ ಮರಳು ಕೆರೆದವರು, ಹತ್ತು ವರ್ಷದಿಂದ ಬಿ.ಪಿ. ಇದೆ, ಗುಳಿಗೆ ಒಂದು ದಿನ ಉಂಟು ಒಂದು ದಿನ ಇಲ್ಲ. ರಾತ್ರಿ ಎರಡಕ್ಕೆ ಉಸಿರು ಕಟ್ಟಿ ಎದ್ದು ಕೂತಿದ್ದಾರೆ. ಮಗ ಆಟೋದಲ್ಲಿ ಕರೆದುಕೊಂಡು ಬಂದಿದ್ದಾನೆ. “ಮೊದಲಿಂದ ದಮ್ಮ ಐತ್ರಿ, ಈ ಸಲ ಭಾಳ ಹತ್ತೇತಿ,” ಅನ್ನುತ್ತಾನೆ. ಎದೆಗೆ ಸ್ಟೆತೊಸ್ಕೋಪ್ ಇಟ್ಟರೆ ಸುಂಯ್ ಸುಂಯ್ ಶಬ್ದ. ದಮ್ಮು ಎಂದರೆ ದಮ್ಮಿನ ಹಾಗೆಯೇ ಇದೆ. ಆದರೆ ಹೃದಯ ಸೋತು ಶ್ವಾಸಕೋಶಕ್ಕೆ ನೀರು ಏರಿದಾಗಲೂ ಇದೇ ಶಬ್ದ ಬರುತ್ತದೆ. ದಮ್ಮಿಗೆ ಉಸಿರು ಬಿಚ್ಚುವ ನೆಬ್ಯುಲೈಸರ್, ಸ್ಟಿರಾಯ್ಡ್. ನೀರಿಗೆ ಫ್ಯೂರೊಸೆಮೈಡ್, ನೈಟ್ರೊಗ್ಲಿಸರಿನ್, ಮಾಸ್ಕ್ ಬಿಗಿದು ಒತ್ತಡದ ಗಾಳಿ. ದಾರಿ ಎರಡೂ ಬೇರೆ, ತಪ್ಪು ದಾರಿ ಹಿಡಿದರೆ ಬೆಳಗಿನೊಳಗೆ ಹೊತ್ತು ಮೀರುತ್ತದೆ. ಮಲಗಲಾರದವರಿಗೆ ಎಕ್ಸ್‌ರೇ ಚೆನ್ನಾಗಿ ಬರುವುದೂ ಇಲ್ಲ.

ಕೂತವರನ್ನು ಕೂತಂತೆಯೇ ಬಿಟ್ಟು ಡಾಕ್ಟರು ಬಾಗಿದ ಮುಖದ ಪ್ರೋಬನ್ನು ಕಾಲರ್ ಎಲುಬಿನ ಕೆಳಗೆ ಉದ್ದಕ್ಕೆ ನಿಲ್ಲಿಸುತ್ತಾರೆ. ಮೊದಲು ಹುಡುಕುವುದು ಎರಡು ಪಕ್ಕೆಲುಬು ಮತ್ತು ಅವುಗಳ ಕಪ್ಪು ನೆರಳು. ಅವುಗಳ ನಡುವೆ, ಎಲುಬಿನ ಮೇಲ್ಮೈಗಿಂತ ಅರ್ಧ ಸೆಂಟಿಮೀಟರ್ ಕೆಳಗೆ ಬೆಳ್ಳಗೆ ಹೊಳೆಯುವುದೇ ಪ್ಲೂರಾ. ರೆಕ್ಕೆ ಹರಡಿದ ಬಾವಲಿಯ ಹಾಗೆ ಕಾಣುವುದರಿಂದ ಇದಕ್ಕೆ ಬಾವಲಿ ಚಿಹ್ನೆ ಅನ್ನುತ್ತಾರೆ. ಇದನ್ನು ಹಿಡಿಯದೆ ಮುಂದೆ ಹೋದವರು ಸ್ನಾಯುವಿನ ಹೊದಿಕೆಯನ್ನೇ ಪ್ಲೂರಾ ಎಂದುಕೊಂಡು ದಾರಿ ತಪ್ಪುತ್ತಾರೆ. ಇನ್ನೊಂದು ಎಚ್ಚರವೂ ಬೇಕು. ಹೊಸ ಯಂತ್ರಗಳಲ್ಲಿ ಚಿತ್ರವನ್ನು ಅಂದಗೊಳಿಸುವ ಫಿಲ್ಟರುಗಳಿರುತ್ತವೆ, ಅವು ಆರ್ಟಿಫ್ಯಾಕ್ಟುಗಳನ್ನೇ ಒರೆಸಿ ಹಾಕುತ್ತವೆ. ಇಲ್ಲಿ ಬೇಕಾದದ್ದೇ ಅವು, ಆದ್ದರಿಂದ ಫಿಲ್ಟರ್ ಬಂದ್ ಮಾಡಬೇಕು. ಲಿಕ್ಟೆನ್‌ಸ್ಟೀನ್ ಹಿಟಾಚಿಯ ತನ್ನ ಹಳೆಯ ಸಾದಾ ಯಂತ್ರವನ್ನು ಬಿಡದೆ ಇಟ್ಟುಕೊಂಡದ್ದಕ್ಕೆ ಇದೂ ಒಂದು ಕಾರಣ.

ಪ್ಲೂರಾ ಜಾರುತ್ತಿದೆ, ಮಿನುಗುತ್ತಿದೆ. ಎ ಗೆರೆ ಒಂದೂ ಇಲ್ಲ. ಅದರ ಬದಲು ಬ್ಯಾಟರಿ ಬೆಳಕಿನ ಹಾಗೆ ನಾಲ್ಕೈದು ಬಿ ಗೆರೆಗಳು ತಳಕ್ಕಿಳಿದು, ಉಸಿರಿಗೊಮ್ಮೆ ಆ ಕಡೆ ಈ ಕಡೆ ತೂಗುತ್ತಿವೆ. ಒಂದು ಕಡೆಗೆ ನಾಲ್ಕು ಜಾಗ, ಎರಡೂ ಕಡೆ ಸೇರಿ ಎಂಟು. ಎಲ್ಲ ಕಡೆಯೂ ಇದೇ ಚಿತ್ರ, ಪ್ಲೂರಾದ ಗೆರೆ ತೆಳ್ಳಗೆ ನಯವಾಗಿದೆ. ಇದು ನೀರು. ದಮ್ಮಿನ ರೋಗಿಯಾಗಿದ್ದರೆ ಇದೇ ಜಾಗದಲ್ಲಿ ಜಾರಾಟದ ಜತೆ ಅಚ್ಚುಕಟ್ಟಾದ ಎ ಗೆರೆಗಳಿರುತ್ತಿದ್ದವು. ದಮ್ಮಿನಲ್ಲಿ ಕೊಳವೆ ಕಿರಿದಾಗುತ್ತದೆ, ಗಾಳಿಚೀಲದಲ್ಲಿ ಗಾಳಿಯೇ ಇರುತ್ತದೆ. ನಾಲ್ಕೈದು ನಿಮಿಷದೊಳಗೆ ದಾರಿ ತೀರ್ಮಾನವಾಯಿತು. ಇಂಥ ಉಸಿರುಗಟ್ಟಿದ 260 ರೋಗಿಗಳ ಮೇಲೆ ಈ ಗುರುತುಗಳನ್ನು ಕ್ರಮವಾಗಿ ಜೋಡಿಸಿ ನೋಡಿ, ನೂರಕ್ಕೆ ತೊಂಬತ್ತರಷ್ಟು ಸಲ ಸರಿಯಾದ ಕಾರಣ ಸಿಕ್ಕಿತು ಎಂದು ಲಿಕ್ಟೆನ್‌ಸ್ಟೀನ್ 2008ರಲ್ಲಿ ಬರೆದಿದ್ದ. ಉಳಿದ ಹತ್ತನ್ನು ಮರೆಯಬಾರದು.

ಹಾಗೆಂದು ಎ ಗೆರೆ ಕಂಡರೆ ಎಲ್ಲ ಕ್ಷೇಮ ಎಂದೂ ಅಲ್ಲ. ಖಾನಾಪುರದ ಕಡೆಯಿಂದ ಬರುವ ಇನ್ನೊಬ್ಬನನ್ನು ನೆನೆಯಿರಿ. ಜಾಂಬೋಟಿಯ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡ ಹುಡುಗ. ಬಲಗಡೆ ಎದೆಯಲ್ಲಿ ಎ ಗೆರೆಗಳು ಚೊಕ್ಕವಾಗಿವೆ. ಗೆರೆ ಹೇಳುವುದು ಇಲ್ಲಿ ಗಾಳಿ ಇದೆ ಎಂದಷ್ಟೇ. ಗಾಳಿ ಶ್ವಾಸಕೋಶದ ಒಳಗಿದೆಯೋ, ಹೊರಗೆ ಸೋರಿ ಅದನ್ನು ಹಿಸುಕುತ್ತಿದೆಯೋ ಅದಕ್ಕೆ ಗೊತ್ತಿಲ್ಲ. ಅದನ್ನು ಹೇಳಬೇಕಾದದ್ದು ಜಾರಾಟ. ಚಲನೆಯನ್ನು ದಾಖಲಿಸುವ ಎಂ ಮೋಡ್ ಹಾಕಿದರೆ ಆರೋಗ್ಯದ ಎದೆಯಲ್ಲಿ ಮೇಲೆ ಅಲೆಯ ಸಾಲು, ಕೆಳಗೆ ದಂಡೆಯ ಮರಳಿನ ಹಾಗೆ ಚುಕ್ಕೆಗಳು. ಈ ಹುಡುಗನಲ್ಲಿ ಮರಳಿಲ್ಲ, ಮೇಲಿನಿಂದ ತಳದವರೆಗೂ ಅಂಗಡಿಯ ಸಾಮಾನಿನ ಮೇಲಿನ ಬಾರ್‌ಕೋಡನ್ನು ಮಲಗಿಸಿದ ಹಾಗೆ ನೆಟ್ಟನೆಯ ಗೆರೆಗಳು. ಜಾರಾಟ ನಿಂತಿದೆ.

ಇಲ್ಲಿ ಅವಸರ ಮಾಡಿ ಕೊಳವೆ ತೂರಿಸುವುದು ದೊಡ್ಡ ತಪ್ಪಾಗಬಹುದು. ಹಳೆಯ ಕ್ಷಯದಿಂದ ಎರಡು ಹೊದಿಕೆಗಳು ಒಂದಕ್ಕೊಂದು ಅಂಟಿಕೊಂಡವರಲ್ಲೂ ಜಾರಾಟ ಇರುವುದಿಲ್ಲ. ಕ್ಷಯ ಇನ್ನೂ ಮನೆ ಬಿಡದ ನಮ್ಮ ನಾಡಿನಲ್ಲಿ ಇದು ಪುಸ್ತಕದ ಎಚ್ಚರಿಕೆಯಾಗಿ ಉಳಿಯುವಂಥದ್ದಲ್ಲ. ವೆಂಟಿಲೇಟರಿನ ಕೊಳವೆ ತಪ್ಪಿ ಬಲಗಡೆಯ ಕವಲಿಗೆ ಇಳಿದಿದ್ದರೂ ಎಡಗಡೆ ನಿಶ್ಚಲವಾಗಿರುತ್ತದೆ. ಜಾರಾಟವಿಲ್ಲದ ಜಾಗದಲ್ಲಿ ಒಂದೇ ಒಂದು ಬಿ ಗೆರೆ ಕಂಡರೂ ಅಲ್ಲಿ ಹೊದಿಕೆಗಳು ತಾಗಿಕೊಂಡಿವೆ ಎಂದೇ ಅರ್ಥ, ನ್ಯೂಮೊಥೊರಾಕ್ಸ್ ಅಲ್ಲ. ಖಚಿತಪಡಿಸುವ ಗುರುತು ಬೇರೆ ಇದೆ. ಪ್ರೋಬನ್ನು ಮುಂದಿನಿಂದ ಕಂಕುಳ ಕಡೆಗೆ ಮೆಲ್ಲಗೆ ಸರಿಸುತ್ತ ಹೋದರೆ ಒಂದು ಜಾಗದಲ್ಲಿ, ಉಸಿರು ಎಳೆದಾಗ ಜಾರಾಟ ಪರದೆಯೊಳಗೆ ನುಗ್ಗುತ್ತದೆ, ಬಿಟ್ಟಾಗ ಹಿಂದೆ ಸರಿಯುತ್ತದೆ. ಕುಗ್ಗಿದ ಶ್ವಾಸಕೋಶದ ಅಂಚು ಎದೆಗೋಡೆಗೆ ತಾಗುವ ಗಡಿ ಅದು. ಇದನ್ನು 2000ದಲ್ಲಿ ಲಂಗ್ ಪಾಯಿಂಟ್ ಎಂದು ಕರೆದರು. ಕಂಡರೆ ಅನುಮಾನ ಉಳಿಯುವುದಿಲ್ಲ. ಆದರೆ ಶ್ವಾಸಕೋಶ ಪೂರ್ತಿ ಕುಸಿದಿದ್ದರೆ ಅಂಚೇ ಇರುವುದಿಲ್ಲ, ಗಡಿಯೂ ಸಿಗುವುದಿಲ್ಲ. ಮೊದಲ ವರದಿಯಲ್ಲೇ ಮೂರರಲ್ಲಿ ಎರಡು ಸಲ ಮಾತ್ರ ಸಿಕ್ಕಿತ್ತು.

ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರ್. ಅದರಾಚೆ ಕಣಕುಂಬಿಯ ಕಾಡಿನ ಹಳ್ಳಿಗಳಿಂದ ಇನ್ನೂ ದೂರ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರಗಳು ಬಂದ ಕಾಲದಲ್ಲಿ ಅವು ರೋಗಿ ಇದ್ದಲ್ಲಿಗೇ ಹೋಗಬಾರದೇ ಎಂದು ಯಾರಿಗಾದರೂ ಅನಿಸುತ್ತದೆ. ನಮ್ಮ ದೇಶದಲ್ಲಿ ಅದು ಅಷ್ಟು ಸುಲಭವಲ್ಲ, ಅದಕ್ಕೆ ನೋವಿನ ಕಾರಣವೊಂದಿದೆ. ಹೊಟ್ಟೆಯ ಕೂಸು ಹೆಣ್ಣೆಂದು ಸ್ಕ್ಯಾನಿಂಗಿನಲ್ಲಿ ತಿಳಿದು ಅಳಿಸಿಹಾಕುವುದನ್ನು ತಡೆಯಲು 1994ರಲ್ಲಿ ಕಾಯಿದೆ ಬಂತು. ಪ್ರತಿ ಯಂತ್ರವೂ ನೋಂದಣಿಯಾಗಬೇಕು. 2012ರ ನಿಯಮದ ಪ್ರಕಾರ ಎತ್ತಿಕೊಂಡು ಹೋಗುವ ಯಂತ್ರವನ್ನು ನೋಂದಣಿಯಾದ ಆಸ್ಪತ್ರೆಯೊಳಗೆ ದಾಖಲಾದ ರೋಗಿಗಳಿಗೆ, ಇಲ್ಲವೇ ಬೇರೆ ಚಿಕಿತ್ಸೆಗಳನ್ನೂ ಕೊಡುವ ಸಂಚಾರಿ ವೈದ್ಯಕೀಯ ಘಟಕದಲ್ಲಿ ಮಾತ್ರ ಬಳಸಬಹುದು. ಎದೆಗೆ ಇಡುವ ಪ್ರೋಬೂ ಬಸುರಿಗೆ ಇಡುವ ಪ್ರೋಬೂ ಒಂದೇ, ಯಾವುದಕ್ಕೆ ಇಟ್ಟರು ಎಂದು ಯಂತ್ರ ಹೇಳುವುದಿಲ್ಲ. ಈ ಕಟ್ಟುಪಾಡು ಬೇಕಾದದ್ದೇ ಎಂಬುದು ನನ್ನ ನಂಬಿಕೆ. ಆದರೆ ಕಾಡಿನಂಚಿನ ಹಳ್ಳಿಯಲ್ಲಿ ಉಸಿರುಗಟ್ಟಿದವನು ಅದರ ಬೆಲೆ ತೆರುತ್ತಾನೆ ಎನ್ನುವುದೂ ಅಷ್ಟೇ ನಿಜ.

2020ರಲ್ಲಿ ಕೋವಿಡ್ ಬಂದಾಗ ಈ ಗೆರೆಗಳು ಜಗತ್ತಿನ ಎಲ್ಲ ಕಡೆ ವಾರ್ಡುಗಳಿಗೆ ಇಳಿದವು. ರೋಗಿಯನ್ನು ಸಿ.ಟಿ.ಗೆ ಸಾಗಿಸಿದರೆ ದಾರಿಯಲ್ಲೆಲ್ಲ ಸೋಂಕು, ಪ್ರೋಬಿಗಾದರೆ ಪ್ಲಾಸ್ಟಿಕ್ ಸುತ್ತಿ ಹಾಸಿಗೆಯ ಬಳಿಗೆ ಒಯ್ಯಬಹುದು. ಆಗಲೂ ಕಂಡದ್ದು ಬಿ ಗೆರೆಗಳೇ. ಆದರೆ ಹೃದಯದ ನೀರಿನ ಹಾಗೆ ಎಲ್ಲೆಲ್ಲೂ ಒಂದೇ ಸಮನಾಗಿ ಇರಲಿಲ್ಲ. ಒಂದು ಜಾಗದಲ್ಲಿ ದಟ್ಟ, ಪಕ್ಕದಲ್ಲೇ ಖಾಲಿ, ಪ್ಲೂರಾ ಹರಕು ಮುರುಕು. ಗೆರೆ ಅದೇ, ಹಂಚಿಕೆ ಬೇರೆ. ಗೆರೆಯೊಂದನ್ನೇ ನೋಡಿ ರೋಗದ ಹೆಸರು ಹೇಳಬಾರದು ಎಂಬ ಪಾಠ ಸಾವಿರಾರು ವೈದ್ಯರಿಗೆ ಒಟ್ಟಿಗೇ ಆಯಿತು.

ಅನಗೋಳದ ಕಾಕಾನ ಕತೆಯಲ್ಲಿ ಅದೇ ಪಾಠ ಇನ್ನೊಂದು ಬಗೆಯಲ್ಲಿ ಬರುತ್ತದೆ. ಔಷಧ ಹಿಡಿಯಿತು, ಮೂತ್ರ ಹೋಯಿತು, ಬೆಳಗಿನ ಹೊತ್ತಿಗೆ ಉಸಿರು ಹಗುರಾಯಿತು. ಮತ್ತೆ ಪ್ರೋಬ್ ಇಟ್ಟರೆ ಎದೆಯ ಮುಂಭಾಗದಲ್ಲಿ ಬಿ ಗೆರೆಗಳು ಒಂದೊಂದಾಗಿ ಕರಗಿ ಎ ಗೆರೆಗಳು ಮೂಡಿವೆ. ನೀರು ಇಳಿದಂತೆ ಗೆರೆ ಗಂಟೆಗಳಲ್ಲಿ ಕಡಿಮೆಯಾಗುತ್ತದೆ, ಡಯಾಲಿಸಿಸ್ ರೋಗಿಗಳಲ್ಲಿ ಇದನ್ನು ಅಳೆದು ನೋಡಿದ್ದಾರೆ.

“ಏನ್ ಕಾಣಸ್ತೈತ್ರಿ ಡಾಕ್ಟ್ರ?”

“ಗಾಳಿ ಬಂದೇತ್ರಿ ಕಾಕಾ. ಸ್ವಲ್ಪ ಮುಂದಕ್ಕ ಬಾಗ್ರಿ, ಬೆನ್ನ ನೋಡೂಣು.”

ಬೆನ್ನಿನ ಮೇಲ್ಭಾಗದಲ್ಲಿ, ಭುಜದ ಎಲುಬಿನ ಒಳಬದಿಗೆ, ಮೂರು ಬಿ ಗೆರೆಗಳು ಹಾಗೆಯೇ ಇವೆ. ಅಲ್ಲಿ ಪ್ಲೂರಾ ನಯವಾಗಿಲ್ಲ, ದಪ್ಪಗೆ, ತರಿತರಿಯಾಗಿದೆ. ಮರುದಿನವೂ ಅವು ಕದಲುವುದಿಲ್ಲ. ನೀರಾಗಿದ್ದರೆ ಔಷಧಕ್ಕೆ ಇಳಿಯಬೇಕಿತ್ತು. ಕಲೆಗಟ್ಟಿದ ಶ್ವಾಸಕೋಶವೂ ಬಿ ಗೆರೆ ಎಳೆಯುತ್ತದೆ, ಯಂತ್ರಕ್ಕೆ ಎರಡೂ ಒಂದೇ. ಮೂವತ್ತು ವರ್ಷ ಒಳಗೆ ಹೋದ ಅಚ್ಚಿನ ಮರಳಿನ ಸಣ್ಣ ಧೂಳು ಎಲ್ಲಿ ಕೂತಿದೆಯೋ, ಪ್ಲೂರಾದ ಅಂಚಿಗೆ ಬಂದದ್ದು ಇಷ್ಟು. ಅದಕ್ಕಿಂತ ಆಳದಲ್ಲಿ, ಗಾಳಿಯ ಆಚೆ ಇರುವ ಗಂಟುಗಳು ಪ್ರೋಬಿಗೆ ಎಂದೂ ಕಾಣುವುದಿಲ್ಲ. ಡಾಕ್ಟರು ಸಿ.ಟಿ.ಗೆ ಬರೆಯುತ್ತಾರೆ, ಕಫದಲ್ಲಿ ಕ್ಷಯವಿದೆಯೇ ಎಂದು ನೋಡಲೂ ಬರೆಯುತ್ತಾರೆ, ಸಿಲಿಕಾ ಧೂಳು ತಿಂದ ಶ್ವಾಸಕೋಶಕ್ಕೆ ಕ್ಷಯ ಬೇಗ ತಗಲುತ್ತದೆ. ಸಿಲಿಕೋಸಿಸ್ ಎಂದು ಸಾಬೀತಾದರೆ ಕಾನೂನಿನ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ ಅದು. ಆಮೇಲೆ ಅವರು ಕುರ್ಚಿ ಎಳೆದುಕೊಂಡು ಕೂತು, ಯಾವ ವರ್ಷದಿಂದ ಯಾವ ವರ್ಷದವರೆಗೆ ಕೆಲಸ, ದಿನಕ್ಕೆ ಎಷ್ಟು ತಾಸು, ಮೂಗಿಗೆ ಕಟ್ಟಿಕೊಳ್ಳುತ್ತಿದ್ದದ್ದು ಏನು ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳುತ್ತಾರೆ.